ಒಂದು ದಿನದ ‘ಗರಿಷ್ಠ ನಷ್ಟ’ ಅನ್ನಬಹುದೇ?

ಮಹಾದೇವಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಬಿಕಾಂ ಕೊನೆ ವರ್ಷದ ಮಕ್ಕಳಿಗೆ ಕನ್ನಡದಲ್ಲಿ ನೋಟ್ಸ್ ಬರೆಯುತ್ತಿದ್ದೇನೆ. ಷೇರಿನ ದಿನದಿನದ ಏರಿಳಿತ ನೋಡಿ ನಾಳೆಯ ರಿಸ್ಕ್ ಅಂದಾಜು ಮಾಡುವ ಪಾಠ. ಎರಡು ಪದಗಳು ಕೈಗೆ ಹತ್ತುತ್ತಿಲ್ಲ.

‘ವ್ಯಾಲ್ಯೂ ಅಟ್ ರಿಸ್ಕ್’ಗೆ ನಮ್ಮಲ್ಲಿರುವ ಹಳೆಯ ನೋಟ್ಸ್‌ನಲ್ಲಿ ‘ಒಂದು ದಿನದ ಗರಿಷ್ಠ ನಷ್ಟ’ ಅಂತ ಇದೆ. ಓದುವುದಕ್ಕೆ ಸಲೀಸು. ಆದರೆ ಅರ್ಥ ಸರಿಯಾ ಅಂತ ಅನುಮಾನ.

ಇನ್ನೊಂದು ‘ಎಕ್ಸ್‌ಪೊನೆನ್ಶಿಯಲಿ ವೇಯ್ಟೆಡ್’. ಅದಕ್ಕೆ ‘ಘಾತೀಯ ತೂಕದ’ ಅಂತ ಬರೆದಿದ್ದಾರೆ. ‘ಘಾತೀಯ’ ಅಂದ ಕೂಡಲೇ ಹುಡುಗರಿಗೆ ಅಪಘಾತ ನೆನಪಾಗುತ್ತದೆ. ಷೇರಿನ ಪಾಠ ನೋಡಿದರೆ ಅವರದು ಪೂರ್ತಿ ತಪ್ಪೂ ಅಲ್ಲ ಬಿಡಿ. ಇದಕ್ಕಿಂತ ತಿಳಿಯಾದ ಮಾತು ಇದೆಯಾ?

ವಿನಾಯಕ, ಬೀದರ್

ಮೇಡಂ, ‘ಗರಿಷ್ಠ ನಷ್ಟ’ ಇರಲಿ, ಮುಂದೆ ಎಷ್ಟು ಖಾತ್ರಿ ಅನ್ನುವುದನ್ನು ಸೇರಿಸಿದರೆ ಆಯಿತು. ಈ ಲೆಕ್ಕದಲ್ಲಿ 0.94 ಅಂತ ಒಂದು ಅಂಕಿ ಬರುತ್ತದಲ್ಲ, ಅದೇ ಖಾತ್ರಿ. ನೂರಕ್ಕೆ 94 ಪಾಲು ಈ ನಷ್ಟ ಮೀರುವುದಿಲ್ಲ ಅಂತ ಅರ್ಥ. ಹಾಗಾಗಿ ‘94 ಪಾಲು ಖಾತ್ರಿಯ ಗರಿಷ್ಠ ನಷ್ಟ’ ಅನ್ನಬಹುದು.

‘ಘಾತೀಯ’ ಬೇಡ ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ನಿನ್ನೆಗೆ ಜಾಸ್ತಿ ತೂಕ, ಮೊನ್ನೆಗೆ ಕಡಿಮೆ, ಆಚೆ ಮೊನ್ನೆಗೆ ಇನ್ನೂ ಕಡಿಮೆ. ವಿಷಯ ಅಷ್ಟೇ ಅಲ್ವಾ. ‘ಇಳಿತೂಕ’ ಅಂದರೆ ಹೇಗೆ?

ಸುಧೀಂದ್ರ, ಕಲಬುರಗಿ

ನಾನು ಕೆಲವು ವರ್ಷ ಮುಂಬೈಯಲ್ಲಿ ಷೇರು ದಲ್ಲಾಳಿ ಕಂಪನಿಯ ರಿಸ್ಕ್ ವಿಭಾಗದಲ್ಲಿದ್ದೆ. ಈ ಲೆಕ್ಕವೇ ದಿನದ ಕೆಲಸ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ಮೇಡಂ, ‘ಗರಿಷ್ಠ’ ತೆಗೆದುಬಿಡಿ. ಆ ಅಂಕಿ ಹೇಳುವುದು ಇಷ್ಟೇ: ನೂರು ದಿನಗಳಲ್ಲಿ 99 ದಿನ ನಷ್ಟ ಈ ಗೆರೆಯ ಒಳಗೆ ಇರಬೇಕು. ಉಳಿದ ಒಂದು ದಿನ ನಷ್ಟ ಗೆರೆ ದಾಟಿ ಎಷ್ಟು ದೂರ ಹೋಗುತ್ತದೆ ಅಂತ ಕೇಳಿದರೆ ಅದರ ಹತ್ತಿರ ಉತ್ತರ ಇಲ್ಲ. ಗರಿಷ್ಠ ಅಂದರೆ ಅದಕ್ಕಿಂತ ಮೇಲೆ ಇಲ್ಲ ಅಂತ ತಾನೆ ನಾವು ಓದುವುದು? ನಾನಾದರೆ ‘ನಷ್ಟದ ಗೆರೆ’ ಅನ್ನುತ್ತೇನೆ.

ವಿನಾಯಕ ಅವರೇ, ಹಳೆಯ ದಿನಗಳ ತೂಕ ಇಳಿಯುತ್ತದೆ ಅಂತ ನೀವು ಹೇಳಿದ್ದು ಸರಿ. ಆದರೆ 0.94ಕ್ಕೂ ಖಾತ್ರಿಗೂ ಸಂಬಂಧವೇ ಇಲ್ಲ. 95ರ ಪಕ್ಕದಲ್ಲಿ ಇರುವುದರಿಂದ ಬಹಳ ಜನ ಹಾಗೆ ಓದುತ್ತಾರೆ. ನಿನ್ನೆಯ ಅಂದಾಜಿನಲ್ಲಿ ಎಷ್ಟು ಪಾಲು ಉಳಿಸಿಕೊಳ್ಳುತ್ತೇವೆ ಅನ್ನುವುದೇ 0.94. ಖಾತ್ರಿಯ ಅಂಕಿ ಕೊನೆಯಲ್ಲಿ ಬೇರೆಯಾಗಿ ಬರುತ್ತದೆ. 95 ಪಾಲಿಗೆ 1.65ರಿಂದ ಗುಣಿಸುತ್ತೇವೆ, 99 ಪಾಲಿಗೆ 2.33ರಿಂದ.

```
ಹೊಸ σ² = 0.94 × ಹಳೆ σ² + 0.06 × r²
ನಾಳೆಯ ಗೆರೆ = 2.33 × ಹೊಸ σ
```

ಇಲ್ಲಿ σ ಅಂದರೆ ಬೆಲೆ ಒಂದು ದಿನದಲ್ಲಿ ಶೇಕಡಾ ಎಷ್ಟು ಅಲ್ಲಾಡುತ್ತದೆ ಅನ್ನುವ ಅಂದಾಜು. r ಅಂದರೆ ಇವತ್ತು ಬೆಲೆ ಶೇಕಡಾ ಎಷ್ಟು ಏರಿತು ಅಥವಾ ಇಳಿಯಿತು ಅನ್ನುವುದು. ಸರಾಸರಿ ಲಾಭವನ್ನು ಸೊನ್ನೆ ಅಂತಲೇ ಹಿಡಿಯುತ್ತೇವೆ. ಒಂದು ದಿನದ ಮಟ್ಟಿಗೆ ಅದು ಏರಿಳಿತದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

2024ರ ಲೋಕಸಭೆ ಫಲಿತಾಂಶದ ವಾರ ತೆಗೆದುಕೊಳ್ಳಿ. ನಿಫ್ಟಿ ಮೇ 31ಕ್ಕೆ 22,530.70ರಲ್ಲಿ ಮುಗಿದಿತ್ತು. ಆ ಸಂಜೆ σ 0.8 ಇತ್ತು ಅಂತ ಇಟ್ಟುಕೊಳ್ಳೋಣ. ಇದೊಂದು ಮಾತ್ರ ನಾನು ಲೆಕ್ಕಕ್ಕೆ ಹಾಕಿಕೊಂಡ ಅಂಕಿ. ಜೂನ್ 3, ಸೋಮವಾರ, ಎಕ್ಸಿಟ್ ಪೋಲ್ ಖುಷಿಯಲ್ಲಿ ಸೂಚ್ಯಂಕ 23,263.90ಕ್ಕೆ ಹೋಯಿತು. ಅಂದರೆ ಶೇ 3.25 ಏರಿಕೆ. 0.8ರ ವರ್ಗ 0.64, ಅದರ 0.94 ಪಾಲು 0.60. 3.25ರ ವರ್ಗ 10.56, ಅದರ 0.06 ಪಾಲು 0.63. ಕೂಡಿಸಿದರೆ 1.23, ವರ್ಗಮೂಲ 1.11. ನೋಡಿ, ಬೆಲೆ ಏರಿದ ದಿನವೇ ರಿಸ್ಕ್ ಕೂಡ ಏರಿತು. ವರ್ಗ ಮಾಡಿದ ಮೇಲೆ ಏರಿಕೆಗೂ ಇಳಿಕೆಗೂ ವ್ಯತ್ಯಾಸ ಉಳಿಯುವುದಿಲ್ಲ. ಅದಕ್ಕೇ ‘ವೊಲಟಿಲಿಟಿ’ಗೆ ಏರಿಳಿತ ಅನ್ನಬಹುದು, ಕುಸಿತ ಅನ್ನಬಾರದು.

ಆ ಸಂಜೆ 10 ಲಕ್ಷ ರೂಪಾಯಿ ನಿಫ್ಟಿ ಫಂಡ್‌ನಲ್ಲಿ ಇದ್ದವರಿಗೆ ಮರುದಿನದ ಗೆರೆ 2.33 × 1.11, ಅಂದರೆ ಸುಮಾರು ಶೇ 2.6. ರೂಪಾಯಿಯಲ್ಲಿ 26,000ದ ಹತ್ತಿರ. ಜೂನ್ 4ಕ್ಕೆ ಸೂಚ್ಯಂಕ 21,884.50ಕ್ಕೆ ಬಿತ್ತು. ಶೇ 5.93, ಅಂದರೆ 59,000 ರೂಪಾಯಿ ಮೇಲೆ ನಷ್ಟ. ಗೆರೆಯ ದುಪ್ಪಟ್ಟಿಗಿಂತ ಜಾಸ್ತಿ! ‘ಗರಿಷ್ಠ ನಷ್ಟ 26,000’ ಅಂತ ಬರೆದುಕೊಟ್ಟಿದ್ದರೆ ಆ ಸಂಜೆ ಫೋನ್ ಎತ್ತುವುದಕ್ಕೂ ಮುಖ ಇರುತ್ತಿರಲಿಲ್ಲ.

ಪೆಟ್ಟು ಬಿದ್ದ ಮೇಲೆ σ 1.81ಕ್ಕೆ ಹಾರಿತು. ಮುಂದಿನ ಗೆರೆ ಶೇ 4.2. ಜೂನ್ 5ಕ್ಕೆ ಶೇ 3.36 ಚೇತರಿಕೆ ಬಂತು. ಆಗಲೂ σ ಇಳಿಯಲಿಲ್ಲ, 1.94 ಆಯಿತು.

ನೋಟ್ಸ್‌ನಲ್ಲಿ ಒಂದು ಎಚ್ಚರಿಕೆ ಹಾಕಿ. ಜೂನ್ 4ರ ಗೆರೆಗೆ ಜೂನ್ 3ರವರೆಗಿನ ಅಂಕಿ ಮಾತ್ರ ಬಳಸಬೇಕು. ಎಕ್ಸೆಲ್‌ನಲ್ಲಿ ಒಂದು ಸಾಲು ಕೆಳಗೆ ಜಾರಿದರೆ ಜೂನ್ 4ರ ಕುಸಿತವೂ ಅದರಲ್ಲೇ ಸೇರಿಬಿಡುತ್ತದೆ. ಆಗ ಗೆರೆ 2.6ರ ಬದಲು 4.2 ಆಗಿ, ಲೆಕ್ಕ ತುಂಬಾ ಜಾಣತನದ್ದು ಅಂತ ಕಾಣುತ್ತದೆ. ಕಂಡುಹಿಡಿಯುವುದು ಹೀಗೆ: ವರ್ಷದ ಸುಮಾರು 250 ವಹಿವಾಟು ದಿನಗಳಲ್ಲಿ 99 ಪಾಲಿನ ಗೆರೆ ಎರಡು ಮೂರು ಸಲ ಮುರಿಯಬೇಕು. ಒಮ್ಮೆಯೂ ಮುರಿಯದಿದ್ದರೆ ಮೊದಲು ಆ ಸಾಲನ್ನು ನೋಡಿ. ಜಾಸ್ತಿ ಮುರಿದರೆ ಗೆರೆಯೇ ಚಿಕ್ಕದು. ಬ್ಯಾಂಕುಗಳ ಬಾಸೆಲ್ ನಿಯಮದಲ್ಲಿ 4 ಸಲದವರೆಗೆ ಹಸಿರು, 5ರಿಂದ ಹಳದಿ, 10 ಆದರೆ ಕೆಂಪು.

ಶರಣಪ್ಪ, ಯಾದಗಿರಿ

ಸರ್, ನಷ್ಟದ ಮಾತು ಬಂತು ಅಂತ ಬರೆಯುತ್ತಿದ್ದೇನೆ. ನಮ್ಮದು ತೊಗರಿ ವ್ಯಾಪಾರ. ಎಪಿಎಂಸಿ ದರ ದಿನಾ ಬರೆದಿಟ್ಟುಕೊಳ್ಳುತ್ತೇವೆ. ಗೋದಾಮಿನ ಮಾಲಿಗೆ ಇದೇ ಲೆಕ್ಕ ಹಾಕಿದರೆ ಈಗ ಮಾರಬೇಕೋ ಇಟ್ಟುಕೊಳ್ಳಬೇಕೋ ತಿಳಿಯುತ್ತದೆಯಾ? ಮಗ ಕಂಪ್ಯೂಟರ್‌ನಲ್ಲಿ ಮಾಡಿ ತೋರಿಸಿದ. ಹಬ್ಬಕ್ಕೆ ಮಾರುಕಟ್ಟೆ ಬಂದ್ ಇದ್ದಾಗ ರಿಸ್ಕ್ ಕಡಿಮೆ ಆಗುತ್ತಾ ಬಂತು. ನಮಗಂತೂ ಬಂದ್ ಇದ್ದಾಗಲೇ ಹೆಚ್ಚು ಚಿಂತೆ.

ಸುಧೀಂದ್ರ, ಕಲಬುರಗಿ

ಶರಣಪ್ಪಣ್ಣಾ, ಮಾರಬೇಕೋ ಬೇಡವೋ ಅಂತ ಇದು ಹೇಳುವುದಿಲ್ಲ. ದರ ಯಾವ ಕಡೆಗೆ ಹೋಗುತ್ತದೆ ಅಂತ ಇದಕ್ಕೆ ಗೊತ್ತಿಲ್ಲ, ಎಷ್ಟು ಜೋರಾಗಿ ಅಲ್ಲಾಡಬಹುದು ಅಂತ ಮಾತ್ರ ಗೊತ್ತು.

ಬಂದ್ ವಿಷಯದಲ್ಲಿ ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ನಿಮ್ಮ ಮಗ ಬಂದ್ ದಿನಗಳಿಗೆ ಹಿಂದಿನ ದರವನ್ನೇ ತುಂಬಿರಬೇಕು. ಆಗ r ಸೊನ್ನೆ, ಪ್ರತಿ ಸಲ σ² 0.94 ಪಾಲಿಗೆ ಇಳಿಯುತ್ತದೆ. ಹತ್ತು ದಿನ ಹೀಗಾದರೆ 1.5 ಇದ್ದ σ 1.1 ಆಗುತ್ತದೆ. ವ್ಯಾಪಾರವೇ ಆಗಿಲ್ಲ, ರಿಸ್ಕ್ ಮಾತ್ರ ಕಾಲು ಭಾಗಕ್ಕಿಂತ ಹೆಚ್ಚು ಕರಗಿತು! ಮಾರುಕಟ್ಟೆ ತೆರೆದ ದಿನ ಅಷ್ಟೂ ದಿನಗಳ ಬದಲಾವಣೆ ಒಂದೇ ಸಲ ಬಂದು ಗೆರೆ ಮುರಿಯುತ್ತದೆ. ಬಂದ್ ದಿನಗಳನ್ನು ಪಟ್ಟಿಯಿಂದಲೇ ತೆಗೆಯಿರಿ. ತೆರೆದ ದಿನದ ಬದಲಾವಣೆ ಹಲವು ದಿನಗಳದ್ದು ಅಂತ ಪಕ್ಕದಲ್ಲಿ ಗುರುತು ಹಾಕಿ.

ಆವಕ ಕಡಿಮೆ ಇರುವ ತಿಂಗಳುಗಳಲ್ಲೂ ಇದೇ ಪಾಡು. ನಾಲ್ಕು ಚೀಲ ಬಂದ ದಿನದ ದರವೂ ಲೆಕ್ಕದಲ್ಲಿ ಒಂದು ದಿನ, ಯಾರ್ಡ್ ತುಂಬಿದ ದಿನವೂ ಒಂದು ದಿನ. ಮಾಲಿನ ಗುಣ ಬದಲಾದರೂ ದರ ಕುಣಿಯುತ್ತದೆ. ಅದು ಏರಿಳಿತ ಅಲ್ಲ, ಬೇರೆ ಮಾಲು ಅಷ್ಟೇ. ಅದೂ ಅಲ್ಲದೆ ಒಂದು ದಿನದ ಗೆರೆ ಅಂದರೆ ಒಂದು ದಿನದಲ್ಲಿ ಕೈ ಬಿಡಬಹುದು ಅಂತ ಒಪ್ಪಿಕೊಂಡ ಹಾಗೆ. ನಿಫ್ಟಿ ಫಂಡ್‌ಗೆ ಅದು ನಡೆಯುತ್ತದೆ. ಗೋದಾಮು ತುಂಬಾ ತೊಗರಿ ಒಂದು ದಿನದಲ್ಲಿ ಹೋಗುತ್ತದಾ? ಮುಂದಿನ ದಿನಗಳ ದರವನ್ನು ಈಗಲೇ ಕಟ್ಟಿಹಾಕುವ ತೊಗರಿಯ ಫ್ಯೂಚರ್ಸ್ ವಹಿವಾಟನ್ನೂ 2007ರಲ್ಲೇ ನಿಲ್ಲಿಸಿದರು, ಹಾಗಾಗಿ ದರ ಬೀಳುವ ಭಯಕ್ಕೆ ಆ ದಾರಿಯೂ ಇಲ್ಲ.

ರೇಣುಕಾ, ಬೀದರ್

ಪದದ ಕಡೆಗೆ ಬರೋಣ. ‘ನಷ್ಟದ ಗೆರೆ’ ನನಗೆ ಹಿಡಿಸಿತು, ದಾಟಬಹುದು ಅನ್ನುವುದು ಪದದಲ್ಲೇ ಇದೆ. ‘ಇಳಿತೂಕ’ ಬೇಡ, ತೂಕದಲ್ಲಿ ಮೋಸ ಮಾಡಿದ ಹಾಗೆ ಕೇಳುತ್ತದೆ. ‘ಸವೆಯುವ ತೂಕ’ ಅನ್ನಿ. ಇದು ಒಮ್ಮೆಲೇ ಹೋಗುವುದಿಲ್ಲ, ದಿನಾ ಅಷ್ಟಷ್ಟೇ ಸವೆಯುತ್ತದೆ.

ವಿನಾಯಕ, ಬೀದರ್

‘ಸವೆಯುವ’ ಅಂದರೆ ಒಂದು ದಿನ ಪೂರ್ತಿ ಮುಗಿಯುತ್ತದೆ ಅನ್ನಿಸುವುದಿಲ್ಲವಾ? ಸುಧೀಂದ್ರ ಸರ್ ಲೆಕ್ಕದಲ್ಲಿ ಅದು ಎಂದೂ ಸೊನ್ನೆ ಆಗುವುದಿಲ್ಲ. ಇನ್ನೊಂದು ಪ್ರಶ್ನೆ. ಎನ್‌ಎಸ್‌ಇ ಸೈಟ್‌ನ ದಿನದ ವೊಲಟಿಲಿಟಿ ಫೈಲ್ ತೆಗೆದು ನೋಡಿದೆ. ಅಲ್ಲಿ 0.94 ಇಲ್ಲವೇ ಇಲ್ಲ.

ಸುಧೀಂದ್ರ, ಕಲಬುರಗಿ

ಹೌದು, ಆ ಫೈಲ್‌ನ ತಲೆಸಾಲಿನಲ್ಲಿ ಹೀಗಿದೆ:

```
Sqrt(0.995*D*D + 0.005*C*C)
```

D ಹಿಂದಿನ ದಿನದ σ, C ಇವತ್ತಿನ ಬದಲಾವಣೆ. ಅವರು C ತೆಗೆಯುವುದು ಎರಡು ದಿನಗಳ ಬೆಲೆಯ ಅನುಪಾತದ ಲಾಗ್‌ನಿಂದ. ಸಣ್ಣ ಬದಲಾವಣೆಗಳಲ್ಲಿ ಇದಕ್ಕೂ ಶೇಕಡಾ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸ ಬರುವುದಿಲ್ಲ.

0.94 ಬಂದದ್ದು ಜೆ.ಪಿ. ಮಾರ್ಗನ್ 1994ರಲ್ಲಿ ಹೊರತಂದ ರಿಸ್ಕ್‌ಮೆಟ್ರಿಕ್ಸ್‌ನಿಂದ. ದಿನದ ಅಂಕಿಗೆ 0.94, ತಿಂಗಳಿಗೆ 0.97. ನಮ್ಮಲ್ಲಿ ಸೂಚ್ಯಂಕ ಫ್ಯೂಚರ್ಸ್‌ನ ಮಾರ್ಜಿನ್‌ಗೆ, ಅಂದರೆ ವಹಿವಾಟಿಗೆ ಇಡಬೇಕಾದ ಠೇವಣಿಗೆ, 1998ರ ಜೆ.ಆರ್. ವರ್ಮಾ ಸಮಿತಿಯೂ 0.94 ಅನ್ನೇ ಹೇಳಿತ್ತು. 0.94ರಲ್ಲಿ ಒಂದು ದಿನದ ತೂಕ ಅರ್ಧ ಆಗುವುದಕ್ಕೆ ಸುಮಾರು 11 ವಹಿವಾಟು ದಿನ ಬೇಕು. 0.995ರಲ್ಲಿ ಸುಮಾರು 138. ಮೇಲಿನ ಲೆಕ್ಕವನ್ನೇ 0.995 ಹಾಕಿ ಮಾಡಿದರೆ ಜೂನ್ 4ರ ಸಂಜೆ σ 1.81ರ ಬದಲು 0.93 ಬರುತ್ತದೆ. ಅಷ್ಟು ದೊಡ್ಡ ಪೆಟ್ಟಿಗೂ ಅದು ಅಲ್ಲಾಡಿದ್ದು ಇಷ್ಟೇ.

ಯಾವುದು ಸರಿ ಅಂತ ಕೇಳಬೇಡಿ. ಮಾರ್ಜಿನ್ ದಿನಾ ಕುಣಿಯಬಾರದು ಅನ್ನುವವರಿಗೆ 0.995 ಅನುಕೂಲ. ನಾಳೆಯ ಗೆರೆ ಇವತ್ತಿನ ಗಾಳಿಗೆ ತಕ್ಕ ಹಾಗೆ ಇರಬೇಕು ಅನ್ನುವವರಿಗೆ 0.94. ನನ್ನ ಒಲವು 0.94 ಕಡೆಗೆ. ಶಾಂತ ದಿನಗಳಾದ ಮೇಲೆ ಬರುವ ಮೊದಲ ಪೆಟ್ಟನ್ನು ಮಾತ್ರ ಎರಡೂ ಹಿಡಿಯುವುದಿಲ್ಲ.

ಮಹಾದೇವಿ, ಕಲಬುರಗಿ

ಎಲ್ಲರಿಗೂ ಧನ್ಯವಾದ. ‘99 ಪಾಲಿನ ನಷ್ಟದ ಗೆರೆ’ ಅಂತ ಬರೆಯುತ್ತೇನೆ, ನಿಫ್ಟಿಯ ಆ ವಾರವನ್ನೇ ಉದಾಹರಣೆ ಮಾಡುತ್ತೇನೆ. ಸದ್ಯಕ್ಕೆ ‘ಸವೆಯುವ ತೂಕ’ ಇರಲಿ. ವಿನಾಯಕ ಅವರ ತಕರಾರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಇನ್ನು ಆ 0.94ಕ್ಕೇ ಒಂದು ಹೆಸರು ಬೇಕು, ‘ಲ್ಯಾಮ್ಡಾ’ ಅಂದರೆ ಮಕ್ಕಳಿಗೆ ಏನೂ ಹೊಳೆಯುವುದಿಲ್ಲ. ‘ಉಳಿಕೆ ಪಾಲು’ ಅಂತ ಬರೆದಿದ್ದೇನೆ. ರೇಣುಕಾ ಅಕ್ಕಾ, ಅದನ್ನು ಬಾಕಿ ಮೊತ್ತ ಅಂತ ಯಾರಾದರೂ ಓದಿಕೊಂಡಾರಾ?