‘ಬೇಗ ಬಾ’ ಅಂದ್ರೆ ಯಾವಾಗ?

“ದೊಡ್ಡಮ್ಮಾ, ಸುಧಕ್ಕ ‘ಮದುವೆಗೆ ಬೇಗ ಬಾರೋ’ ಅಂದ್ಳು, ಸತೀಶ ‘ಬೇಗನೇ ಬರ್ತೀನಿ’ ಅಂದ. ಅಷ್ಟಕ್ಕೇ ಜಗಳ ಆಗಿ ಇಬ್ಬರೂ ಮಾತು ಬಿಟ್ಟಿದ್ದಾರೆ. ಏನು ಮಾಡೋದು?”

ರಮ್ಯಾ, ನೀನು ಕಳಿಸಿದ ಅವರಿಬ್ಬರ ಮೆಸೇಜುಗಳನ್ನ ಓದಿದೆ ಕಣೇ, ಮೇಲಿಂದ ಕೆಳಗಿನವರೆಗೂ ಎರಡು ಸಲ ಓದಿದೆ. ಬರೀ ‘ಬೇಗ ಬಾ’ ಅಂತ ಯಾರಿಗೂ ಹಾಕಬೇಡಿ. ನನಗೆ ಆಗಿದ್ದು ನಿಮಗೆ ಆಗೋದು ಬೇಡ.

1986ರಲ್ಲಿ ಅಣ್ಣ ಇನ್‌ಲ್ಯಾಂಡ್ ಲೆಟರ್ ಹಾಕಿದ್ದ. ಊರಿನ ಸುದ್ದಿಯೆಲ್ಲ ಬರೆದು, ಕೊನೇಲಿ ‘ಅಪ್ಪನಿಗೆ ಅಷ್ಟು ಹುಷಾರಿಲ್ಲ, ಬೇಗ ಬಾ’ ಅಂತ. ಅವನು ಪ್ರತಿ ಕಾಗದದಲ್ಲೂ ‘ಬೇಗ ಬಾ’ ಅಂತಲೇ ಮುಗಿಸ್ತಿದ್ದ. ಹುಡುಗರ ಪರೀಕ್ಷೆ ಇತ್ತು, ಮುಗಿದ ತಕ್ಷಣ ಹೋದರಾಯ್ತು, ಅದೂ ಬೇಗನೇ ಅಲ್ವಾ ಅಂದ್ಕೊಂಡೆ. ಅವನು ಹೇಳಿದ್ದು ಇದ್ದ ಹಾಗೇ ಹೊರಡು ಅಂತ. ನಾನು ಹೋಗೋ ಹೊತ್ತಿಗೆ ಅಪ್ಪ ಹೋಗಿ ನಾಲ್ಕು ದಿನ ಆಗಿತ್ತು.

‘ಬೇಗ ತಿನ್ನು’ ಅಂದ್ರೆ ಸರಸರ ತಿನ್ನು ಅಂತ. ‘ಬೇಗ ಏಳು’ ಅಂದ್ರೆ ಬೆಳಗಿನ ಜಾವ. ‘ಬೇಗ ವಾಸಿಯಾಗಲಿ’ ಅಂದ್ರೆ ಇನ್ನು ಸ್ವಲ್ಪ ದಿನದಲ್ಲಿ. ಅಲ್ಲಿ ಯಾರಿಗೂ ಅನುಮಾನ ಬರಲ್ಲ. ‘ಬಾ’ ಜೊತೆ ಸೇರಿದ್ರೆ ಮಾತ್ರ ಮೂರೂ ಅರ್ಥ ಹೊಂದುತ್ತೆ, ಕೇಳಿದವರು ತಮಗೆ ಅನುಕೂಲವಾದ್ದನ್ನ ತಗೋತಾರೆ. ಅದಕ್ಕೇ ಹೇಳ್ತಿರೋದು, ಬರೀ ‘ಬೇಗ ಬಾ’ ಅಂತ ಹಾಕಬೇಡಿ.

ಮನೆಯಲ್ಲಿ ಕೆಲವರು ಇವತ್ತಿಗೂ ‘ಕಾಗದ ಹಾಕಿದ್ರೂ ಬರಲಿಲ್ಲ’ ಅಂತಾರೆ. ಪಕ್ಕದ ಬೀದೀಲೇ ತಂತಿ ಆಫೀಸಿತ್ತು. ‘ತಕ್ಷಣ ಹೊರಡು’ ಅಂತ ಎರಡು ಪದ ಕಳಿಸೋಕೆ ಯಾರಿಗೂ ತೋಚಲಿಲ್ಲವಾ? ನನ್ನ ಕೇಳಿದವರು ಯಾರು? ಇರಲಿ, ಈಗ ಹೇಳಿ ಏನು.

ಹಾಂ, ಸತೀಶನ ವಿಷಯ. ಅವನು ‘ಐದೂವರೆಗೆಲ್ಲ ಛತ್ರದಲ್ಲಿ ಇರ್ತೀನಿ’ ಅಂದಿದ್ದಾನೆ ನೋಡು, ಅವನ ಬೇಗ ಭಾನುವಾರ ಮುಹೂರ್ತದ ಬೆಳಗ್ಗೆ. ಸುಧಾ ‘ಅಷ್ಟೊತ್ತಿಗೆ ಎಲ್ಲಾ ಮುಗಿದಿರತ್ತೆ’ ಅಂದಳಲ್ಲ, ಅವಳ ತಲೇಲಿರೋದು ಶುಕ್ರವಾರದ ದೇವರ ಸಮಾರಾಧನೆ, ಶನಿವಾರದ ಚಪ್ಪರದ ಪೂಜೆ. ಅವನು ‘ಇನ್ನೆಷ್ಟು ಬೇಗ ಬರಲಿ, ರಾತ್ರಿಯಿಡೀ ಪ್ರಯಾಣ’ ಅಂದಾಗ ಅವಳಿಗೆ ಇವನಿಗೆ ಬರೋಕೇ ಮನಸ್ಸಿಲ್ಲ ಅನ್ನಿಸಿದೆ. ಇವನು ಗಂಟೆ ಲೆಕ್ಕ ಹಾಕ್ತಿದ್ದ, ಅವಳು ದಿನ ಎಣಿಸ್ತಿದ್ದಳು. ಇಬ್ಬರದ್ದೂ ತಪ್ಪಿಲ್ಲ.

ನೀನು ಮೆಸೇಜು ಮಾಡಬೇಡ, ಅವನಿಗೆ ಈಗಲೇ ಫೋನ್ ಮಾಡು. ಬೇಗ ಅನ್ನೋ ಪದಾನೇ ಎತ್ತಬೇಡ. ‘ಶುಕ್ರವಾರ ಬೆಳಗ್ಗೆ ಎಂಟು ಗಂಟೆಗೆ ಅಕ್ಕನ ಮನೇಲಿ ಇರಬೇಕು’ ಅನ್ನು, ಅವನ ಬಾಯಿಂದಲೂ ದಿನ, ಹೊತ್ತು ಎರಡೂ ಹೇಳಿಸು. ರಜ ಸಿಗದಿದ್ರೆ ಶನಿವಾರ ಎಷ್ಟು ಹೊತ್ತಿಗೆ ಬರ್ತಾನೆ ಕೇಳಿ ಸುಧಾಗೆ ಹೇಳು. ಗುರುವಾರ ರಾತ್ರಿ ಬಸ್ಸಲ್ಲಿ ಸೀಟಿದೆಯಾ ಅಂತ ಮೊದಲು ನೋಡ್ಕೋ.