ಅಪ್‌ಡೇಟ್: ಎಚ್‌ಎಂಟಿ ಪೈಲಟ್ ವಾಚಿನ ಹರಾಜು

ನನ್ನ ಪ್ರಶ್ನೆ: "ತುಮಕೂರಿನಲ್ಲಿ ನಮ್ಮ ತಂದೆಯವರು ಕಟ್ಟುತ್ತಿದ್ದ, ಕೀ ಕೊಡುವ ಎಚ್‌ಎಂಟಿ ಪೈಲಟ್ ವಾಚನ್ನು ಆನ್‌ಲೈನ್ ಹರಾಜಿಗೆ ಹಾಕುತ್ತಿದ್ದೇನೆ. ಆರಂಭಿಕ ಬಿಡ್ ಮತ್ತು ಮೀಸಲು ಬೆಲೆ ಎಷ್ಟಿರಬೇಕು?"

ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು, ವಾಚು ಮಾರಾಟವಾಗಿದೆ.

ಮಾರಾಟಗಾರರು ಕೇಳುವ ಬೆಲೆಯನ್ನು ಬದಿಗಿಟ್ಟು, ಮುಗಿದ ಹರಾಜುಗಳಲ್ಲಿ ನಿಜಕ್ಕೂ ಸಂದ ಬೆಲೆಗಳನ್ನಷ್ಟೇ, ಅದರಲ್ಲೂ ಮೂಲ ಡಯಲ್ ಇದ್ದ ವಾಚುಗಳದ್ದನ್ನು ಮಾತ್ರ ನೋಡಿದೆ. ಹೊಸದಾಗಿ ಬಣ್ಣ ಬಳಿದ ಡಯಲ್‌ಗಳಲ್ಲಿ ಅಕ್ಷರಗಳ ಅಂಚು ಹರಡಿಕೊಂಡಿರುತ್ತದೆ, ಅಂಥವಕ್ಕೆ ಸಂಗ್ರಾಹಕರು ಹೆಚ್ಚು ಕೊಡುವುದಿಲ್ಲ.

ಕೈಗೆ ಕನಿಷ್ಠ 2,700 ರೂಪಾಯಿ ಬರಬೇಕಿತ್ತು. ತಾಣದ ಕಮಿಷನ್ ಶೇ. 10 ಆದ್ದರಿಂದ ಮೀಸಲು ಬೆಲೆಯನ್ನು 3,000ಕ್ಕೆ ನಿಗದಿಪಡಿಸಿ, ಜನ ಸೇರಲೆಂದು ಆರಂಭಿಕ ಬಿಡ್ ಅನ್ನು 900ಕ್ಕೆ ಇಟ್ಟೆ. 1,850ರವರೆಗೆ ನಿಧಾನವಾಗಿ ಏರಿದ ಬೆಲೆ ಅಲ್ಲಿಯೇ ನಿಂತಿತು, ಏಕೆಂದರೆ 'ಮೀಸಲು ಬೆಲೆ ತಲುಪಿಲ್ಲ' ಎಂಬ ಸೂಚನೆ ಕಂಡೊಡನೆ ಅಗ್ಗಕ್ಕೆ ಸಿಗಬಹುದೆಂದು ಬಂದವರು ಹಿಂದೆ ಸರಿಯುತ್ತಾರೆ. ಬಳಿಕ ಒಬ್ಬರು ತಮ್ಮ ಗರಿಷ್ಠ ಮಿತಿಯನ್ನು 3,000ಕ್ಕಿಂತ ಮೇಲೆ ನಮೂದಿಸಿದಾಗ, ಸ್ವಯಂಚಾಲಿತ ಬಿಡ್ ವ್ಯವಸ್ಥೆಯು ಬೆಲೆಯನ್ನು ನೇರವಾಗಿ ಮೀಸಲು ಮೊತ್ತಕ್ಕೇ ಏರಿಸಿತು. ಇನ್ನೊಬ್ಬರ ಪೈಪೋಟಿಯಿಂದ ಅದು 3,250ಕ್ಕೆ ಮುಗಿದು, ಕಮಿಷನ್ ಕಳೆದು 2,925 ರೂಪಾಯಿ ಕೈಸೇರಿತು. ಕೊರಿಯರ್ ವೆಚ್ಚವನ್ನು ಕೊಂಡವರೇ ಭರಿಸಿದರು.