ಜಡ್ಡಿಯ ಮರ ಎಣಿಕೆ: ಅಕ್ಕಪಕ್ಕದ ಚೌಕ ಸೇರಿಸಿದ ಮೇಲೆ ಲೆಕ್ಕ ಹೇಗೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಶಿರಸಿ): ಸಿದ್ದಾಪುರದ ಕಡೆಯ ರಾಂಪತ್ರೆ ಜಡ್ಡಿಯಲ್ಲಿ, ಅಂದರೆ ಕಾಡಿನ ಜೌಗಿನಲ್ಲಿ, ಸೆಮೆಕಾರ್ಪಸ್ ಕತಲೆಕಾನೆನ್ಸಿಸ್ ಅನ್ನೋ ಅಪರೂಪದ ಮರ ಎಣಿಸುತ್ತಿದ್ದೇನೆ, ಸಸಿಗಳನ್ನೂ ಸೇರಿಸಿ. 4 ಹೆಕ್ಟೇರಿನಲ್ಲಿ 10 ಮೀಟರಿನ 400 ಚೌಕ. ಚೀಟಿ ಎತ್ತಿ 20 ಆರಿಸಿದೆ, 18 ಖಾಲಿ. ಒಂದರಲ್ಲಿ 11 ಗಿಡ. ಅದರ ನಾಲ್ಕು ಪಕ್ಕ ನೋಡುತ್ತಾ ಹೋದಾಗ ಅದೂ ಸೇರಿ ಆರು ಚೌಕದಲ್ಲಿ 2, 5, 11, 8, 3, 1 ಸಿಕ್ಕಿತು. ಇನ್ನೊಂದರಲ್ಲಿ 2, ಅಕ್ಕಪಕ್ಕ ಏನೂ ಇಲ್ಲ. ನೋಡಿದ್ದು ಒಟ್ಟು 39 ಚೌಕ, 32 ಗಿಡ. ಹಾಗಾಗಿ 328 ಗಿಡ ಅಂದೆ. ಗೈಡ್ ತಪ್ಪು ಅಂತಾರೆ. ಯಾಕೆ?

ಸಸ್ಯಶಾಸ್ತ್ರ ಉಪನ್ಯಾಸಕ: ಗುಂಪಿನ ಸುತ್ತಲಿನ ಖಾಲಿ ಅಂಚುಗಳನ್ನು ಲೆಕ್ಕಕ್ಕೆ ಹಿಡಿಯಬಾರದಮ್ಮ. ಅವು ಚೀಟಿಯಲ್ಲಿ ಬಂದವಲ್ಲ. ಅವನ್ನು ಬಿಟ್ಟು ಸರಾಸರಿ ತೆಗೆ, ಸರಿಯಾಗುತ್ತೆ.

ಸಂಖ್ಯಾಶಾಸ್ತ್ರಜ್ಞೆ: ಅಂಚು ಬಿಡಬೇಕು ಅನ್ನೋದು ನಿಜ ಸರ್. ಆದರೆ ಅಷ್ಟಕ್ಕೇ ನಿಂತರೆ ಖಾಲಿ ಅಂಚಿನ 14 ಹೋಗಿ ಉಳಿದ 25 ಚೌಕದಲ್ಲಿ 32 ಗಿಡ, ಅಂದರೆ 512! ಇನ್ನೂ ಉಬ್ಬಿತು. ಗಿಡ ಇದ್ದಲ್ಲೇ ನಾವು ಹುಡುಕಾಟ ಹೆಚ್ಚಿಸಿದ್ದೇವೆ, ಹಾಗಾಗಿ ನೋಡಿದ ಚೌಕಗಳಲ್ಲಿ ಗಿಡ ಇರುವ ಚೌಕದ ಪಾಲು ಇಡೀ ಕಾಡಿನಲ್ಲಿ ಇರುವುದಕ್ಕಿಂತ ಜಾಸ್ತಿ. ನೇರ ಸರಾಸರಿ ಆ ಪಕ್ಷಪಾತವನ್ನೇ ಕಾಡಿಗೆಲ್ಲ ಹಂಚುತ್ತದೆ.

ಸಂಖ್ಯಾಶಾಸ್ತ್ರಜ್ಞ ಸ್ಟೀವನ್ ಥಾಂಪ್ಸನ್ 1990ರಲ್ಲಿ ಕೊಟ್ಟ ದಾರಿ ಇದು. ಭಾಜಕ ಯಾವಾಗಲೂ ಚೀಟಿಯ 20. ಚೀಟಿಯ ಚೌಕದಲ್ಲಿ ಸಿಕ್ಕ ಸಂಖ್ಯೆಯ ಬದಲು ಅದು ಸೇರಿದ ಗುಂಪಿನ ಸರಾಸರಿ ಬರೆಯಬೇಕು. ನಿಮ್ಮ ಗುಂಪಿನಲ್ಲಿ 30 ಗಿಡ, ಆರು ಚೌಕ, ಸರಾಸರಿ 5. ಒಂಟಿ ಚೌಕಕ್ಕೆ 2. ಉಳಿದ ಹದಿನೆಂಟಕ್ಕೆ ಸೊನ್ನೆ. 7 ಭಾಗಿಸು 20, ಅಂದರೆ 0.35. 400ರಿಂದ ಗುಣಿಸಿದರೆ 140 ಗಿಡ.

ಪಕ್ಕ ನೋಡದೆ ಚೀಟಿಯ ಚೌಕಗಳನ್ನೇ ನಂಬಿದ್ದರೆ 11 ಸಿಕ್ಕಿದ್ದಕ್ಕೆ 260 ಅನ್ನುತ್ತಿದ್ದಿರಿ. ಅದೇ ಗುಂಪಿನ 1 ಇರುವ ಚೌಕ ಚೀಟಿಯಲ್ಲಿ ಬಂದಿದ್ದರೆ 60 ಅನ್ನುತ್ತಿದ್ದಿರಿ. ಗುಂಪಿನ ಯಾವ ಮೂಲೆಗೆ ಚೀಟಿ ಬಿದ್ದರೂ ಉತ್ತರ 140ಕ್ಕೇ ಬರುತ್ತದೆ. ಈ ವಿಧಾನದ ಲಾಭ ಇರೋದು ಅಲ್ಲೇ. ಎರಡು ಚೀಟಿ ಒಂದೇ ಗುಂಪಿಗೆ ಬಿದ್ದರೆ ಆ 5 ಅನ್ನು ಎರಡು ಸಲ ಬರೆಯಿರಿ, ಕಡಿಮೆ ಮಾಡಬೇಡಿ.

ಅಂದಹಾಗೆ ಈ ಅಂದಾಜು ಎಷ್ಟು ಆಚೀಚೆ ಆಗಬಹುದು ಅಂತ ಹೇಳುವ ಸ್ಟ್ಯಾಂಡರ್ಡ್ ಎರರ್ ಹಾಕಿ ನೋಡಿದೆ, ಸುಮಾರು 103 ಗಿಡ ಬರುತ್ತದೆ. 140 ಅನ್ನೋದನ್ನು ಥೀಸಿಸ್‌ನಲ್ಲಿ ಧೈರ್ಯವಾಗಿ ಬರೆಯುವಷ್ಟು ಗಟ್ಟಿ ಇಲ್ಲ. ಪಕ್ಕದ ಚೌಕಗಳನ್ನು ಎಷ್ಟು ನೋಡಿದರೂ ಚೀಟಿ ಇಪ್ಪತ್ತೇ ಇದ್ದರೆ ಹೀಗೇ.

ನಿವೃತ್ತ ಫಾರೆಸ್ಟ್ ವಾಚರ್: ಇಷ್ಟೆಲ್ಲ ಯಾಕೆ ತಂಗಿ? ಆ ಮರ ಹಳ್ಳದ ಕೆಸರು ಬಿಟ್ಟು ಮೇಲೆ ಬರೋದೇ ಇಲ್ಲ. ಹಳ್ಳ ಹಿಡಿದು ನಡೆದರೆ ಒಂದೂ ತಪ್ಪದೆ ಎಣಿಸಬಹುದು. ನಮ್ಮ ಕಾಲದಲ್ಲಿ ಬೀಟೆ ಹಾಗೇ ಎಣಿಸ್ತಿದ್ವಿ.

ವಿದ್ಯಾರ್ಥಿನಿ: ಬೀಟೆ ಬೇರೆ ಅಲ್ವಾ ಅಣ್ಣಾ, ಅದು ಅಲ್ಲೊಂದು ಇಲ್ಲೊಂದು ಚದುರಿರುತ್ತೆ.

ಸಂಖ್ಯಾಶಾಸ್ತ್ರಜ್ಞೆ: ಅವರ ಮಾತು ಬಿಡಬೇಡಿ, ಬಹಳ ಉಪಯೋಗದ್ದು. ಕಾಡನ್ನು ಹಳ್ಳದ ಪಟ್ಟಿ, ಗಟ್ಟಿ ನೆಲ ಅಂತ ಮೊದಲೇ ಎರಡು ಭಾಗ ಮಾಡಿ, ಪಟ್ಟಿಯಲ್ಲಿ ಹೆಚ್ಚು ಚೀಟಿ ಎತ್ತಿ. ಗಟ್ಟಿ ನೆಲದಲ್ಲೂ ಕೆಲವು ಇರಲಿ, ಇಲ್ಲದಿದ್ದರೆ ‘ಅಲ್ಲಿ ಇಲ್ಲ’ ಅನ್ನೋದಕ್ಕೆ ಆಧಾರವೇ ಇರಲ್ಲ. ಭಾಗದ ಗಡಿ ದಾಟಿ ಗುಂಪು ಹಬ್ಬಿದರೆ ಲೆಕ್ಕ ತುಸು ತೊಡಕು. ಗುಂಪನ್ನು ಗಡಿಯಲ್ಲೇ ನಿಲ್ಲಿಸುವುದು ಸುಲಭ, ಆದರೆ ಹಾಗೆ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ವಿದ್ಯಾರ್ಥಿನಿ: ಮೇಡಂ, ಇನ್ನೊಂದು ಕಡೆ ಗುಂಪು ಮುಗಿಯಲೇ ಇಲ್ಲ. ಸಂಜೆಯಾಯ್ತು, ಉಂಬಳ ಬೇರೆ. ಅರ್ಧಕ್ಕೆ ಬಿಟ್ಟು ಬಂದೆ. ಆ ಡೇಟಾ ಬಳಸಬಹುದಾ?

ಸಂಖ್ಯಾಶಾಸ್ತ್ರಜ್ಞೆ: ಮರುದಿನ ಹೋಗಿ ಮುಗಿಸಿ. ಅರ್ಧ ಗುಂಪಿನ ಸರಾಸರಿ ಇಡೀ ಗುಂಪಿನದ್ದಲ್ಲ. ನೀವು ದಟ್ಟ ನಡುಭಾಗ ನೋಡಿ ಬಂದಿದ್ದರೆ ಅಂದಾಜು ಉಬ್ಬುತ್ತದೆ. ಮುಂದಿನ ಜಾಗಕ್ಕೆ ‘ಒಂದು ಗಿಡ ಇದ್ದರೆ ಪಕ್ಕ ನೋಡು’ ಬದಲು ‘ಮೂರು ಇದ್ದರೆ ನೋಡು’ ಅಂತ ನಿಯಮ ಇಟ್ಟುಕೊಂಡರೆ ಗುಂಪುಗಳು ಚಿಕ್ಕದಾಗುತ್ತವೆ. ಆಗ ಒಂದೋ ಎರಡೋ ಗಿಡ ಇರುವ ಅಂಚಿನ ಚೌಕವೂ ಲೆಕ್ಕಕ್ಕಿಲ್ಲ, ಚೀಟಿಯಲ್ಲೇ ಬಂದಿದ್ದರೆ ಮಾತ್ರ ಇದೆ. ನಿಯಮ ಮಾತ್ರ ಕಾಡಿಗೆ ಹೋಗುವ ಮೊದಲೇ ಗೊತ್ತಾಗಿರಬೇಕು, ಅಲ್ಲಿ ನಿಂತು ಬದಲಿಸಬಾರದು.

ಇನ್ನೊಬ್ಬ ಸಂಶೋಧಕ, ಮೈಸೂರು: ಮೂರಕ್ಕೆ ಏರಿಸೋದು ನನಗೆ ಒಪ್ಪಿಗೆಯಿಲ್ಲ. ಇಷ್ಟು ಅಪರೂಪದ ಮರಕ್ಕೆ ಒಂದೇ ಸಸಿ ಸಿಕ್ಕರೂ ಪಕ್ಕ ನೋಡಲೇಬೇಕು. ಗುಂಪು ಮುಗಿಯದಿದ್ದರೂ ನಾಲ್ಕು ಸುತ್ತಿಗೆ ನಿಲ್ಲಿಸೋದು, ಸ್ವಲ್ಪ ಪಕ್ಷಪಾತ ಬಂದರೂ ಬರಲಿ ಅನ್ನೋದು ನನ್ನ ಪಕ್ಷ.

ಸಂಖ್ಯಾಶಾಸ್ತ್ರಜ್ಞೆ: ‘ಸ್ವಲ್ಪ’ ಎಷ್ಟು ಅಂತ ನಿಮ್ಮ ಜಾಗದ ನಕ್ಷೆ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಸಾವಿರ ಸಲ ಚೀಟಿ ಎತ್ತಿಸಿ ನೋಡಿದ್ದೀರಾ? ನೋಡಿದ್ದರೆ ಇಲ್ಲಿ ಹಾಕಿ, ಆಮೇಲೆ ಜಗಳವಾಡೋಣ.